ಕೆಂಪು ಸಾಲಿನಲ್ಲಿ ಮಾವನ ಗಾಡಿ

ನಮ್ಮ ಲಾರಿ ಆಫೀಸಿನಲ್ಲಿ ನನಗೊಂದು ಕುರ್ಚಿ ಇದೆ, ಒಂದು ಕಂಪ್ಯೂಟರ್ ಇದೆ, ಒಂದು ಅಡ್ಡಹೆಸರೂ ಇದೆ. ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆ, ಕಂಪ್ಯೂಟರಿಗೆ ವಯಸ್ಸಾಗಿದೆ, ಅಡ್ಡಹೆಸರು ಮಾತ್ರ ಗಟ್ಟಿಮುಟ್ಟಾಗಿದೆ. ಡ್ರೈವರುಗಳೆಲ್ಲ ನನ್ನನ್ನು ಬೆನ್ನ ಹಿಂದೆ ಕೆಂಪಣ್ಣ ಅನ್ನುತ್ತಾರೆ. ಧೈರ್ಯ ಇರುವವರು ಎದುರಿಗೇ ಅನ್ನುತ್ತಾರೆ. ತಿಂಗಳ ಕೊನೆಯಲ್ಲಿ ನಾನು ತಯಾರಿಸುವ ಡೀಸೆಲ್ ರಿಪೋರ್ಟಿನಲ್ಲಿ ಯಾವ ಗಾಡಿಯ ಮೈಲೇಜ್ ತೀರಾ ಬಿದ್ದುಹೋಗಿರುತ್ತದೋ ಆ ಗಾಡಿಯ ಸಾಲು ಕೆಂಪಾಗುತ್ತದೆ. ಹಾಗೆ ಕೆಂಪಾಗುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟವನು ನಾನೇ.

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಗಾಡಿ ಡೀಸೆಲ್ ಹಾಕಿಸಿಕೊಳ್ಳಲು ಬಂದಾಗಲೆಲ್ಲ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಬೇಕು. ಎಷ್ಟು ಲೀಟರ್ ಹಿಡಿಯಿತು, ಆಗ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು ಎಂದು ಚೀಟಿಯಲ್ಲಿ ಬರೆಸಬೇಕು. ಹಿಂದಿನ ಸಲ ತುಂಬಿಸಿದಾಗಿನಿಂದ ಈ ಸಲದವರೆಗೆ ಗಾಡಿ ಓಡಿದ ದೂರವನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಕ್ಕಿತು. ಒಂದು ಸಲ ಅರ್ಧಂಬರ್ಧ ತುಂಬಿಸಿದರೂ ಲೆಕ್ಕ ಹಳ್ಳ ಹಿಡಿಯುತ್ತದೆ. ಹೀಗೆ ಬಂದ ಅಂಕಿಯನ್ನು ಆ ಗಾಡಿಯದೇ ಹಳೆಯ ಸರಾಸರಿಯ ಜೊತೆಗೂ, ಅದೇ ಮಾಡೆಲಿನ, ಅದೇ ದಾರಿಯಲ್ಲಿ ಅಷ್ಟೇ ಭಾರ ಹೊರುವ ಉಳಿದ ಗಾಡಿಗಳ ಜೊತೆಗೂ ಹೋಲಿಸಿ ನೋಡುತ್ತೇನೆ. ಎರಡೂ ಕಡೆ ತುಂಬಾ ಹಿಂದೆ ಬಿದ್ದರೆ ಕೆಂಪು.

ಇದನ್ನು ನಾನು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದವನಲ್ಲ. ಮೊದಲ ತಿಂಗಳು ಎಲ್ಲ ಗಾಡಿಗಳಿಗೂ ಸೇರಿಸಿ ಒಂದೇ ಸರಾಸರಿ ತೆಗೆದು, ಜಲ್ಲಿ ಹೊರುವ ಟಿಪ್ಪರುಗಳನ್ನೆಲ್ಲ ಸಾಲಾಗಿ ಕೆಂಪು ಮಾಡಿಬಿಟ್ಟಿದ್ದೆ. ಕ್ವಾರಿಯ ಕಚ್ಚಾ ದಾರಿಯಲ್ಲಿ ತೆವಳುವ, ನಿಂತಲ್ಲೇ ಎಂಜಿನ್ ಓಡಿಸಿ ತೊಟ್ಟಿ ಎತ್ತುವ ಟಿಪ್ಪರಿಗೂ ಹೆದ್ದಾರಿಯಲ್ಲಿ ಓಡುವ ಉದ್ದ ಲಾರಿಗೂ ಒಂದೇ ಅಳತೆಗೋಲು ಹಿಡಿದ ಮಹಾನುಭಾವ ನಾನು. ಟಿಪ್ಪರಿನವರೆಲ್ಲ ಬಂದು ನನ್ನ ಮೇಜಿನ ಸುತ್ತ ನಿಂತಾಗ ಕುರ್ಚಿಯ ಕಾಲು ಅಲ್ಲಾಡುತ್ತಿತ್ತೋ ನನ್ನ ಕಾಲು ಅಲ್ಲಾಡುತ್ತಿತ್ತೋ ಈಗಲೂ ಹೇಳಲಾರೆ. ಅಡ್ಡಹೆಸರು ಬಿದ್ದದ್ದು ಅವತ್ತೇ.

ಅದಾದ ಮೇಲೆ ರಿಪೋರ್ಟ್ ತಿದ್ದಿ ತೀಡಿ ಸರಿಮಾಡಿದೆ. ಒಂದೆರಡು ಕಳ್ಳತನವೂ ಅದರಿಂದ ಸಿಕ್ಕಿಬಿತ್ತು. ಯಜಮಾನರಿಗೆ ಖುಷಿಯಾಗಿ, "ಮೂರು ತಿಂಗಳು ಸತತ ಕೆಂಪು ಬಂದ್ರೆ ಆ ಡ್ರೈವರನ್ನ ಗಾಡಿಯಿಂದ ಇಳಿಸಿಬಿಡೋಣ," ಎಂದರು. ನಾನು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ನನಗೆ ಯಾವಾಗ ಬಾಯಿ ಮುಚ್ಚಿಕೊಳ್ಳಬೇಕೆಂದು ಗೊತ್ತಾಗುವುದಿಲ್ಲ. ಲಾರಿಗಳು ನಿಲ್ಲುವ ಯಾರ್ಡಿನಲ್ಲಿ ಡ್ರೈವರುಗಳನ್ನೆಲ್ಲ ಸೇರಿಸಿ, ಎರಡು ಹಳೆಯ ಟೈರಿನ ಮೇಲೆ ಹತ್ತಿ ನಿಂತು ಭಾಷಣ ಮಾಡಿದೆ. "ಕೆಂಪು ಅಂದ್ರೆ ಕೆಂಪು! ಯಾರ ಮುಖಾನೂ ನೋಡಲ್ಲ. ನಮ್ಮ ಮಾವನೇ ಆದ್ರೂ ಬಿಡಲ್ಲ!"

ಎಲ್ಲರೂ ತಿರುಗಿ ನಮ್ಮ ಮಾವನನ್ನು ನೋಡಿದರು. ಮಾವ ತಮ್ಮ ಲಾರಿಯ ಕನ್ನಡಿ ಒರೆಸುತ್ತ ನಿಂತಿದ್ದವರು ಒರೆಸುತ್ತಲೇ ಇದ್ದರು. ಇತ್ತ ತಿರುಗಲೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಅಳಿಯನನ್ನು ಹುಳ ಅಂತಾದರೂ ಲೆಕ್ಕಕ್ಕೆ ಹಿಡಿಯಬಾರದೇ ಅನ್ನಿಸಿತು.

ಮಾವ ಅಂದರೆ ನನ್ನ ಹೆಂಡತಿಯ ತಂದೆ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ನಿಜ ಹೇಳಬೇಕೆಂದರೆ ನಾವೇ ಅವರ ಜೊತೆಗಿದ್ದೇವೆ, ಮನೆ ಅವರದು. ಈ ಕೆಲಸ ಕೊಡಿಸಿದವರೂ ಅವರೇ. ಲಾರಿ ತೊಳೆಯುವ ಕೆಲಸಕ್ಕೆ ಸೇರಿ, ಕ್ಲೀನರಾಗಿ, ಸ್ಟಿಯರಿಂಗ್ ಹಿಡಿದು, ಕೊನೆಗೆ ಯಾರ್ಡಿನ ಅರ್ಧಕ್ಕರ್ಧ ಡ್ರೈವರುಗಳಿಗೆ ಗಾಡಿ ಕಲಿಸಿದವರು. ಅವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಗಡ್ಡ ಹೆರೆದುಕೊಳ್ಳದೆ ಟ್ರಿಪ್ಪಿಗೆ ಹೊರಟವರಲ್ಲ. ಚಪ್ಪಲಿ ಬಿಟ್ಟು ಕ್ಯಾಬಿನ್ ಹತ್ತುತ್ತಾರೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಮುಳ್ಳು ಕಣ್ಣೆದುರಿಗೇ ಇದ್ದರೂ ಅದರ ಕಡೆ ನೋಡುವುದಿಲ್ಲ. "ಮುಳ್ಳು ನೋಡಿ ಗೇರ್ ಹಾಕೋನು ಡ್ರೈವರ್ ಅಲ್ಲ, ಗುಮಾಸ್ತ. ಎಂಜಿನ್ನೇ ಕೂಗಿ ಹೇಳುತ್ತೆ, ಈಗ ಬದಲಿಸು ಅಂತ," ಅನ್ನುತ್ತಾರೆ. ಗುಮಾಸ್ತ ಅನ್ನುವಾಗ ಅವರ ಕಣ್ಣು ನನ್ನ ಕಡೆ ಸುಳಿಯುತ್ತದೆ ಎಂದು ನನ್ನ ಗುಮಾನಿ.

ಈಚೆಗಂತೂ ಮನೆಯಲ್ಲಿ ಅವರು ನನಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದರು. "ಮಾವ, ಟೀ ಕುಡೀತೀರಾ?" ಅಂದರೆ ಗೋಡೆ ನೋಡುತ್ತಿದ್ದರು. ಟಿವಿಯ ಸದ್ದು ಬೀದಿಯ ಕೊನೆಯ ಮನೆಗೂ ಉಚಿತವಾಗಿ ಸಿಗುತ್ತಿತ್ತು. ಸ್ವಲ್ಪ ಕಡಿಮೆ ಮಾಡಿ ಅಂದರೆ ಅದಕ್ಕೂ ಜವಾಬಿಲ್ಲ. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಂದೆ ಗೊಣಗುತ್ತಿದ್ದೆ. "ದೊಡ್ಡ ಮಹಾರಾಜರು! ಮನೆ ಇವರದು ಅಂತ ಧಿಮಾಕು!"

ನನ್ನ ಹೆಂಡತಿ, "ಅಪ್ಪನಿಗೆ ಕೇಳಿಸುತ್ತೆ ರೀ, ಮೆಲ್ಲಗೆ," ಅನ್ನುತ್ತಿದ್ದಳು.

"ಕೇಳಿಸಲಿ ಬಿಡೇ! ಯಾರಿಗೇನು ಭಯ?" ಅನ್ನುತ್ತಿದ್ದೆ. ದನಿಯನ್ನು ಮಾತ್ರ ತಗ್ಗಿಸುತ್ತಿದ್ದೆ.

ಹೀಗಿರುವಾಗ, ಭಾಷಣ ಮಾಡಿದ ತಿಂಗಳಿನ ರಿಪೋರ್ಟ್ ತೆಗೆದೆ. ಉದ್ದ ಲಾರಿಗಳ ಪಟ್ಟಿಯಲ್ಲಿ ಒಂದೇ ಒಂದು ಸಾಲು ಕೆಂಪಾಗಿ ಕೂತಿತ್ತು. ಗಾಡಿ ನಂಬರ್ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಮಾವನ ಗಾಡಿ! ಲೀಟರಿಗೆ ನಾಲ್ಕು ಕಿಲೋಮೀಟರಿನ ಮೇಲೆಯೇ ಕೊಡುತ್ತಿದ್ದ, ಪ್ರತಿ ತಿಂಗಳೂ ಪಟ್ಟಿಯ ನೆತ್ತಿಯ ಮೇಲಿರುತ್ತಿದ್ದ ಗಾಡಿ ಮೂರೂವರೆಯೂ ದಾಟಿರಲಿಲ್ಲ.

ಮೊದಲು ಒಳಗೊಳಗೇ ಒಂದು ಚೂರು ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಟೀ ತಣ್ಣಗಾಗುವಷ್ಟರಲ್ಲಿ ಅದು ಇಳಿದುಹೋಯಿತು. ನಮ್ಮ ಯಾರ್ಡಿನಲ್ಲಿ ಕೆಂಪು ಸಾಲನ್ನು ಯಾರೂ ಮೈಲೇಜ್ ಕಡಿಮೆ ಎಂದು ಓದುವುದಿಲ್ಲ, ಡೀಸೆಲ್ ಕದ್ದ ಎಂದೇ ಓದುತ್ತಾರೆ. ಜೀವಮಾನವಿಡೀ ಒಂದು ನಟ್ಟು ಕೂಡ ಮನೆಗೆ ತಾರದ ಮನುಷ್ಯನ ಹಣೆಗೆ ಕಳ್ಳ ಎಂದು ಹಚ್ಚುವ ಯಂತ್ರವನ್ನು ನಾನೇ ಕೂತು ಕಟ್ಟಿದ್ದೆ.

ತಪ್ಪು ನನ್ನದೇ ಇರಲಿ ದೇವರೇ ಎಂದು ಬೇಡಿಕೊಂಡು ಚೀಟಿಗಳನ್ನೆಲ್ಲ ಹರಡಿದೆ. ಲೀಟರನ್ನು ಎಲ್ಲೂ ತಪ್ಪಾಗಿ ಟೈಪ್ ಮಾಡಿರಲಿಲ್ಲ. ಪ್ರತಿ ಸಲವೂ ಟ್ಯಾಂಕ್ ಪೂರ್ತಿ ತುಂಬಿತ್ತು. ಮೀಟರ್ ಕೆಟ್ಟಿರಬಹುದೆಂದು ಜಿಪಿಎಸ್ ತೋರಿಸುವ ದೂರದ ಜೊತೆ ತಾಳೆ ನೋಡಿದೆ, ಎರಡೂ ಒಂದೇ. ಹೊತ್ತ ಭಾರ ಅಷ್ಟೇ, ದಾರಿ ಅದೇ. ನಿಂತಲ್ಲೇ ಎಂಜಿನ್ ಓಡಿಸಿಟ್ಟರೇನೋ ಅಂದರೆ ಅದೂ ಇಲ್ಲ. ಎಷ್ಟೋ ಸಲ ತಪ್ಪು ಮಾಡಿದ ನಾನು, ತಪ್ಪು ಬೇಕಾದಾಗ ಒಂದನ್ನೂ ಮಾಡಿರಲಿಲ್ಲ.

ಮರುತಿಂಗಳು ಇನ್ನೂ ಕೆಳಗೆ ಬಿತ್ತು. ವರ್ಕ್‌ಶಾಪಿನ ಮೇಸ್ತ್ರಿಯ ಕೈಕಾಲು ಹಿಡಿದು ಗಾಡಿ ತೋರಿಸಿದೆ. ಆತ ಟ್ಯಾಂಕ್ ಸೋರುತ್ತಿದೆಯೇ ನೋಡಿದ, ಬ್ರೇಕ್ ಹಿಡಿದುಕೊಂಡಿದೆಯೇ ನೋಡಿದ, ಟೈರಿನ ಗಾಳಿ, ಏರ್ ಫಿಲ್ಟರ್ ಎಲ್ಲ ನೋಡಿದ. ನಿಲ್ಲಿಸಿದ ಗಾಡಿಯಲ್ಲೇ ಎಂಜಿನ್ ಓಡಿಸಿ ಕಿವಿಗೊಟ್ಟ. "ಗಾಡಿ ಗುಂಡುಕಲ್ಲಿನ ಹಾಗಿದೆ ಸ್ವಾಮಿ," ಎಂದ.

"ಹಾಗಾದ್ರೆ?"

"ಹಾಗಾದ್ರೆ ಏನು? ನಾನೇನೂ ಅನ್ನಲ್ಲಪ್ಪ. ಉಸ್ತಾದ್ ನನಗೂ ಉಸ್ತಾದೇ." ಆತ ಕೈ ಒರೆಸಿಕೊಂಡು ಹೋದ. ಆತ ಅನ್ನದೇ ಬಿಟ್ಟದ್ದು ನನಗೆ ಸಂಜೆಯವರೆಗೂ ಚುಚ್ಚುತ್ತಿತ್ತು.

ಯಜಮಾನರು ಕರೆಸಿದರು. ಎರಡು ತಿಂಗಳಿನ ರಿಪೋರ್ಟ್ ಅವರ ಮುಂದಿತ್ತು. "ನೋಡಯ್ಯಾ, ಉಸ್ತಾದ್ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ಟೈರ್ ಮೇಲೆ ನಿಂತು ಕೂಗಿದೋನು ನೀನೇ. ಈ ತಿಂಗಳೂ ಕೆಂಪು ಬಂದ್ರೆ ನಾನೇನು ಮಾಡ್ಲಿ? ಉಳಿದವರಿಗೊಂದು, ಉಸ್ತಾದ್‌ಗೊಂದು ನಿಯಮ ಮಾಡೋಕಾಗುತ್ತಾ?"

"ಇಲ್ಲ ಸಾರ್, ಏನೋ ಕಾರಣ ಇರುತ್ತೆ."

"ಹಾಗಾದ್ರೆ ಗಾಡಿ ಜೊತೆ ಒಂದು ಟ್ರಿಪ್ ನೀನೇ ಹೋಗು. ಕಣ್ಣಾರೆ ನೋಡ್ಕೊಂಡು ಬಂದು ರಿಪೋರ್ಟಿನ ಕೊನೇಲಿ ಕಾರಣ ಅಂತ ಇದೆಯಲ್ಲ, ಅಲ್ಲಿ ಬರಿ."

ಮನೆಯಲ್ಲಿ ವಿಷಯ ಹೇಳಿದ್ದೇ ತಡ, ಹೆಂಡತಿ ಕೈಯಲ್ಲಿದ್ದ ಸೌಟನ್ನು ಟಪ್ಪೆಂದು ಕುಕ್ಕಿದಳು. "ನಮ್ಮಪ್ಪನ ಹಿಂದೆ ಪತ್ತೇದಾರಿ ಮಾಡ್ತೀರಾ? ನಾಚಿಕೆ ಆಗಲ್ವಾ?"

"ಅವರನ್ನ ಉಳಿಸೋಕೇ ಹೋಗ್ತಿರೋದು ಮಾರಾಯ್ತಿ!"

"ಮುಳುಗಿಸಿದ್ದು ಯಾರು ಮತ್ತೆ?"

ನಾನು ಬೆಳಗಿನ ಟ್ರಿಪ್ಪಿಗೆ ಬಟ್ಟೆ ತೆಗೆದಿಡಲು ಹೊರಟೆ.

ಬೆಳಿಗ್ಗೆ ಮಾವನ ಪಕ್ಕದ ಸೀಟಿಗೆ ಹತ್ತಿದೆ. ಹತ್ತಿದೆ ಅನ್ನುವುದು ದೊಡ್ಡ ಮಾತು. ಒಂದು ಕಾಲು ಮೇಲೆ, ಒಂದು ಕಾಲು ಗಾಳಿಯಲ್ಲಿ, ಹಿಂದಿನಿಂದ ಮೇಸ್ತ್ರಿ ನೂಕಿದ. ಲಾರಿಗಳ ಹಣೆಬರಹ ಬರೆಯುವ ನಾನು ಲಾರಿಯೊಳಗೆ ಕೂತದ್ದು ಅದೇ ಮೊದಲು. ಮಾವ ಚಪ್ಪಲಿ ಬಿಡಿ ಎಂದು ಕೈಸನ್ನೆ ಮಾಡಿದರು.

ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಊರು ದಾಟಿ ಏರು ಶುರುವಾದಾಗ ಮಾವ ಆಕ್ಸಲರೇಟರ್ ಒತ್ತಿದರು. ಆಗ ಕ್ಯಾಬಿನ್ನಿನ ಕೆಳಗಿನಿಂದ ಸಿಳ್ಳೆಯಂಥ ಒಂದು ಶಬ್ದ ಎದ್ದಿತು. ಕುಕ್ಕರಿನ ಹಬೆ ಒಂದೇ ಸಮ ಹೊರಡುವ ಹಾಗೆ, ಕಿವಿ ಕೊರೆಯುವಂತೆ. ಹಿಂದೆ ಕರಿ ಹೊಗೆ ಏಳುತ್ತಿದ್ದುದು ಕನ್ನಡಿಯಲ್ಲಿ ಕಾಣಿಸಿತು. ಏರು ಮುಗಿದು ಕಾಲು ಸಡಿಲಿಸಿದ ಕೂಡಲೇ ಸಿಳ್ಳೆ ನಿಂತಿತು. ಮುಂದಿನ ಏರಿನಲ್ಲಿ ಮತ್ತೆ ಬಂತು.

"ಮಾವ, ಅದೇನು ಶಬ್ದ?"

ಮಾವ ರಸ್ತೆ ನೋಡುತ್ತಿದ್ದರು. ಶುರುವಾಯಿತು ಇವರ ಧಿಮಾಕು ಅಂದುಕೊಂಡೆ. ಜೋರಾಗಿ ಕೇಳಿದೆ. ಇಲ್ಲ. ತೋಳು ಮುಟ್ಟಿದೆ, ಆಗ ತಿರುಗಿ ನನ್ನ ಬಾಯಿ ನೋಡಿದರು.

"ಯಾವ ಶಬ್ದ?" ಅಂದರು.

"ಸಿಳ್ಳೆ! ಈಗ ಬರ್ತಿದೆಯಲ್ಲ!"

"ಸಿಳ್ಳೆನಾ? ಎಲ್ಲಿದೆ ಸಿಳ್ಳೆ?" ಎಂದು ನಕ್ಕರು. "ಗಾಡಿಗೆ ವಯಸ್ಸಾಯ್ತು ಅಳಿಯಂದ್ರೇ. ಈಚೆಗೆ ಏರೋಕೆ ಕಷ್ಟಪಡುತ್ತೆ, ಜಾಸ್ತಿ ತುಳೀಬೇಕು."

ಎಂಜಿನ್ ಕಿರುಚುತ್ತಿತ್ತು. ಲಾರಿ ಬಗ್ಗೆ ಏನೇನೂ ತಿಳಿಯದ ನನಗೇ ಅದರ ಸಂಕಟ ಗೊತ್ತಾಗುತ್ತಿತ್ತು, ಗೇರ್ ಬದಲಿಸಿ, ಗೇರ್ ಬದಲಿಸಿ ಎಂದು ಕೂಗುತ್ತಿತ್ತು. ಮುಳ್ಳು ಡೀಸೆಲ್ ಉಳಿಸುವ ಹಸಿರು ಪಟ್ಟಿಯನ್ನು ಎಂದೋ ದಾಟಿ ಹೋಗಿತ್ತು. ಎಂಜಿನ್ನಿನ ದನಿ ಕೇಳಿಯೇ ಗೇರ್ ಹಾಕುವ ನಮ್ಮ ಉಸ್ತಾದ್ ಕೈಯನ್ನು ಗೇರಿನ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಬಾರದ ದನಿಗೆ ಕಾಯುತ್ತಿದ್ದರು.

ಗೋಡೆ ನೋಡುತ್ತಿದ್ದ ಮಾವ, ಬೀದಿಗೆಲ್ಲ ಕೇಳುವ ಟಿವಿ, ಕನ್ನಡಿ ಒರೆಸುತ್ತಲೇ ಇದ್ದ ಮಾವ, ಎಲ್ಲವೂ ಒಟ್ಟಿಗೆ ಬಂದು ನನ್ನ ಕೆನ್ನೆಗೆ ಬಾರಿಸಿದವು. ಲಾರಿಯ ಮೈಲೇಜ್ ಒಂದು ಚೂರು ಇಳಿದರೆ ಪತ್ತೆಹಚ್ಚುವ ಮಹಾ ಬುದ್ಧಿವಂತ ನಾನು. ಒಂದೇ ಸೂರಿನಡಿ ಕೂತು ಉಣ್ಣುವ ಮನುಷ್ಯನ ಕಿವಿ ಹೋಗುತ್ತಿದ್ದುದು ಗೊತ್ತಾಗದೆ, ಅದಕ್ಕೆ ಧಿಮಾಕು ಎಂದು ಹೆಸರಿಟ್ಟಿದ್ದೆ.

ಮುಂದಿನ ಟೀ ಅಂಗಡಿಯ ಹತ್ತಿರ ನಿಲ್ಲಿಸಲು ಹೇಳಿ, ಮೇಸ್ತ್ರಿಗೆ ಫೋನ್ ಮಾಡಿದೆ. ಸಿಳ್ಳೆ, ಕರಿ ಹೊಗೆ ಅಂದ ಕೂಡಲೇ ಆತ, "ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯೋ ಪೈಪ್ ಎಲ್ಲೋ ಸೀಳಿದೆ. ಭಾರ ಎಳೆಯುವಾಗ ಮಾತ್ರ ಬಾಯಿ ಬಿಡುತ್ತೆ, ನಿಂತಾಗ ಕಾಣಲ್ಲ. ಗಾಳಿ ಸಾಲದೆ ಡೀಸೆಲ್ ಸರಿಯಾಗಿ ಉರಿಯಲ್ಲ. ಆದ್ರೆ ಅದು ಊರಿಗೇ ಕೇಳೋ ಹಾಗೆ ಕೂಗಿರಬೇಕಲ್ಲ? ಉಸ್ತಾದ್‌ಗೆ ಕೇಳಿಸ್ಲಿಲ್ವಾ?" ಎಂದ.

ನಾನು ಫೋನ್ ಇಟ್ಟುಬಿಟ್ಟೆ.

ಬೆಂಚಿನ ಮೇಲೆ ಮಾವನ ಎದುರು ಕೂತು, ಅವರಿಗೆ ನನ್ನ ಬಾಯಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಎಲ್ಲ ಹೇಳಿದೆ. ಪೈಪಿನ ವಿಷಯ, ಎರಡು ತಿಂಗಳ ಕೆಂಪು, ಯಾರ್ಡಿನವರು ಆಡಿಕೊಳ್ಳುತ್ತಿರುವುದು. ಅವರಿಗೆ ಕೆಂಪಾದದ್ದೇ ಗೊತ್ತಿರಲಿಲ್ಲ! ಬೇರೆಯವರು ಅವರೆದುರು ಬಾಯಿಬಿಟ್ಟು ಹೇಳಿರಲಿಲ್ಲ, ಹಿಂದೆ ಆಡಿದ್ದು ಅವರಿಗೆ ಕೇಳಿಸಿರಲಿಲ್ಲ. ಆಮೇಲೆ ನನ್ನ ಜಾಣತನದ ಉಪಾಯವನ್ನೂ ಹೇಳಿದೆ. "ಪೈಪ್ ಸೀಳಿತ್ತು ಅಂತ ಬರೀತೀನಿ ಮಾವ. ಅದು ಸುಳ್ಳಲ್ಲ. ಕಿವಿ ವಿಷಯ ಯಾರಿಗೂ ಬೇಡ. ಗೊತ್ತಾದ್ರೆ ಗಾಡಿ ಕಿತ್ಕೋತಾರೆ."

ಮಾವ ಲೋಟ ಕೆಳಗಿಟ್ಟರು. ಲಾರಿಯ ಕಡೆ ನೋಡಿದರು.

"ಗೊತ್ತಿತ್ತು ಅಳಿಯಂದ್ರೇ," ಎಂದರು. "ಸ್ವಲ್ಪ ಸ್ವಲ್ಪ ಗೊತ್ತಿತ್ತು. ಹಾರ್ನ್ ಕೇಳಿಸದೆ ಒಂದೆರಡು ಸಲ ಎದೆ ಒಡೆದುಹೋಗಿತ್ತು. ಗಾಡಿ ಬಿಟ್ರೆ ನಾನು ಯಾರು ಅಂತ ಭಯ. ಅದಕ್ಕೇ ಸುಮ್ಮನಿದ್ದೆ." ಆಮೇಲೆ ನನ್ನ ಮಣಿಕಟ್ಟು ಹಿಡಿದರು. ಮದುವೆಯ ದಿನ ಬಿಟ್ಟರೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. "ಎರಡೂ ಬರೀರಿ. ಪೈಪೂ ಬರೀರಿ, ಕಿವೀನೂ ಬರೀರಿ. ಕಿವುಡ ಅಂತ ಬೇಕಾದ್ರೆ ದೊಡ್ಡಕ್ಷರದಲ್ಲಿ ಬರೀರಿ. ಕಳ್ಳ ಅಂತ ಮಾತ್ರ ಯಾರೂ ಓದಬಾರದು."

ನಾನು ಹೂಂ ಅಂದೆ. ಹೂಂ ಅಂದದ್ದು ಅವರಿಗೆ ಕೇಳಿಸುವುದಿಲ್ಲವೆಂದು ನೆನಪಾಗಿ ತಲೆಯಾಡಿಸಿದೆ.

ಸರಕು ಒಯ್ಯಲು ಬೇರೆ ಡ್ರೈವರ್ ತನ್ನ ಗಾಡಿ ತಂದ, ಮಾವನ ಗಾಡಿಯನ್ನು ಮೇಸ್ತ್ರಿ ಬಂದು ಯಾರ್ಡಿಗೆ ಒಯ್ದ. ಮಾವ ಆ ದಿನವೇ ಯಜಮಾನರ ಮುಂದೆ ನಿಂತು, ಬೀಗದಕೈ ಮೇಜಿನ ಮೇಲಿಟ್ಟು ತಾವೇ ಎಲ್ಲ ಹೇಳಿದರು. ನಾನು ಬರೆದ ರಿಪೋರ್ಟ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ, ಯಾರೂ ಅದನ್ನು ಕೇಳಲಿಲ್ಲ. ಯಜಮಾನರು ಬೀಗದಕೈಯನ್ನು ಡ್ರಾಯರಿಗೆ ಹಾಕಿಕೊಂಡು, "ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಉಸ್ತಾದ್. ಅಲ್ಲೀವರೆಗೆ ಇದು ಇಲ್ಲೇ ಇರುತ್ತೆ. ತರೋಕಾಗ್ದಿದ್ರೂ ಯಾರ್ಡಲ್ಲಿ ನಿಮಗೆ ಕೆಲಸ ಇದೆ," ಎಂದರು. ಹೊರಗೆ ಬಂದಾಗ ಮಾವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಜೇಬು ತಡಕಿಕೊಂಡರು, ಬೀಗದಕೈ ಇರಲಿಲ್ಲ, ಮತ್ತೆ ತಡಕಿಕೊಂಡರು.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಿವಿಗೆ ಮೆಷಿನ್ ಹಾಕಿಸಿದರು. ಅದಕ್ಕೆ ಒಗ್ಗಿಕೊಳ್ಳಲು ಕೆಲವು ವಾರ ಬೇಕು, ಆಮೇಲೆ ಇನ್ನೊಂದು ಪರೀಕ್ಷೆ ಪಾಸಾದರೆ ಗಾಡಿ ಓಡಿಸಬಹುದು ಎಂದರು. ಮೆಷಿನ್ ಹಾಕಿಕೊಂಡು ಮನೆಗೆ ಬಂದ ಮಾವ ಮೊದಲು ಮಾಡಿದ ಕೆಲಸ ಟಿವಿಯ ಸದ್ದು ತಗ್ಗಿಸಿದ್ದು. "ಇಷ್ಟು ಜೋರಾಗಿ ಇಟ್ಕೊಂಡು ಯಾರು ನೋಡ್ತಿದ್ರು ಇದನ್ನ?" ಎಂದರು. ಹೆಂಡತಿ ಟಿವಿಯ ಸದ್ದನ್ನು ಮೀರಿ ಕೂಗುತ್ತಿದ್ದ ಅಭ್ಯಾಸಬಲದಿಂದ, "ಅಪ್ಪಾ, ಊಟಕ್ಕೆ ಬಾ!" ಎಂದು ಅರಚಿದಳು. "ಯಾಕಮ್ಮಾ ಕಿರುಚ್ತೀಯ, ಇಲ್ಲೇ ಇದೀನಲ್ಲ," ಎಂದರು. ಅವಳು ನಗಲು ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನನ್ನ ಅಭ್ಯಾಸವೂ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಮಾರನೆಯ ದಿನ ಅಡುಗೆಮನೆಯಲ್ಲಿ, "ಮಹಾರಾಜರು ತಟ್ಟೆ ತೊಳೆದಿಟ್ಟರೆ ಕಿರೀಟ ಬೀಳುತ್ತೇನೋ," ಎಂದು ಗೊಣಗಿದೆ.

"ಕೇಳಿಸ್ತು ಅಳಿಯಂದ್ರೇ," ಎಂದು ಹಜಾರದಿಂದ ಬಂತು. ಅಂದಿನಿಂದ ನಾನು ಮನಸ್ಸಿನೊಳಗೇ ಗೊಣಗುತ್ತೇನೆ, ಅಜೀರ್ಣವಾಗಿದೆ.

ಸರ್ಟಿಫಿಕೇಟ್ ಬಂತು. ಯಜಮಾನರು ಬೀಗದಕೈ ಕೊಟ್ಟು, ಮೊದಲ ಟ್ರಿಪ್ಪಿಗೆ ನನ್ನನ್ನೂ ಜೊತೆಗೆ ಕಳಿಸಿದರು. ಈ ಸಲ ನಾನೇ ಚಪ್ಪಲಿ ಬಿಟ್ಟು, ಯಾರೂ ನೂಕದೆ ಹತ್ತಿದೆ. ಅದೇ ಏರು ಬಂತು. ಹೊಸ ಪೈಪ್ ಹಾಕಿದ್ದರಿಂದ ಸಿಳ್ಳೆ ಇರಲಿಲ್ಲ. ಮಾವ ಗೇರಿನ ಮೇಲೆ ಕೈಯಿಟ್ಟು ಕತ್ತು ಸ್ವಲ್ಪ ವಾಲಿಸಿದರು. ಎಂಜಿನ್ನಿನ ದನಿ ಏರತೊಡಗಿತು.

"ಬಂತು," ಎಂದರು ಮೆಲ್ಲಗೆ, ಗೇರ್ ಬದಲಿಸಿದರು. ಮುಳ್ಳು ಹಸಿರಿನೊಳಗೇ ಇತ್ತು. ಮುಂದಿನ ಗೇರಿಗೂ, "ಬಂತು," ಎಂದರು. ಮೂಗಿನ ಪಕ್ಕ ನೀರು ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲಿಲ್ಲ.

ಏರು ಮುಗಿದ ಮೇಲೆ ಕೇಳಿದರು. "ಅವತ್ತು ಟೈರ್ ಮೇಲೆ ನಿಂತು ಏನೋ ಕೂಗಿದ್ರಲ್ಲ? ಎಲ್ಲರೂ ನನ್ನ ಕಡೆ ನೋಡಿದ್ದು ಕನ್ನಡೀಲಿ ಕಾಣಿಸ್ತು. ಏನಂದ್ರಿ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ನಮ್ಮ ಮಾವನೇ ಆದ್ರೂ ಬಿಡಲ್ಲ ಅಂದೆ."

ಮಾವ ಕನ್ನಡಿಯಲ್ಲಿ ಹಿಂದೆ ನೋಡಿಕೊಂಡರು. "ಒಳ್ಳೇದಾಯ್ತು ಬಿಡಲಿಲ್ಲ," ಎಂದರು. "ಬಿಟ್ಟಿದ್ರೆ ಇಷ್ಟು ಹೊತ್ತಿಗೆ ಯಾರದೋ ಮಗೂ ಮೇಲೆ ಹತ್ತಿಸಿರ್ತಿದ್ದೆ."

ನಾನು ಕಿಟಕಿಯ ಕಡೆ ತಿರುಗಿ, ಹೊಲ ನೋಡುವವನ ಹಾಗೆ ಕೂತೆ. ಮೂಗು ಎಳೆದುಕೊಂಡೆ, ಆದಷ್ಟು ಮೆಲ್ಲಗೆ.

"ಅದೂ ಕೇಳಿಸ್ತಿದೆ ಅಳಿಯಂದ್ರೇ," ಎಂದರು ಮಾವ, ರಸ್ತೆ ನೋಡುತ್ತಲೇ.